ಅಕ್ಕನ ಉಗಾದಿ ಶನಿವಾರವೇ ಆಗಿತ್ತು

ಅಮೆರಿಕದಲ್ಲಿರೋರು ಹಬ್ಬ ಮಾಡೋದನ್ನ ನೋಡಿ ನಾವು ಹಾಸ್ಟೆಲ್‌ನಲ್ಲಿ ನಗೋದುಂಟು. ಹಾಲ್ ಸಿಕ್ಕ ಶನಿವಾರವೇ ಅವರಿಗೆ ಉಗಾದಿ, ಲೀವ್ ಸಿಕ್ಕ ದಿನವೇ ಗೌರಿ ಅಂತ. ಆದರೆ 2025ರ ಉಗಾದಿ ಆದಮೇಲೆ ನಮ್ಮ ನಗು ಸ್ವಲ್ಪ ಕಮ್ಮಿ ಆಗಿದೆ.

ನಮ್ಮಕ್ಕ ಎಂಎಸ್ ಮಾಡೋಕೆ ಅಂತ ಸ್ಯಾನ್ ಹೋಸೆಗೆ ಹೋಗಿ ಅದು ಮೊದಲನೇ ಉಗಾದಿ. ನಾಗಮಂಗಲದ ಹತ್ತಿರ ನಮ್ಮೂರಲ್ಲಿ ಹಬ್ಬ ಮಾರ್ಚ್ 30, ಭಾನುವಾರ. ಅಮ್ಮ ಫೋನಲ್ಲಿ, "ನೀನೂ ಭಾನುವಾರನೇ ಮಾಡವ್ವ, ರಜಾ ಬೇರೆ ಐತೆ" ಅಂದ್ರು. ಅಕ್ಕನ ರೂಮ್‌ಮೇಟ್ ಮಾತ್ರ ಇಲ್ಲಿ ಹಬ್ಬ ಶನಿವಾರ ಅಂದಳಂತೆ. ಮನೆಯಲ್ಲಿ ಯಾರೂ ನಂಬಲಿಲ್ಲ. ರಜಾ ನೋಡಿಕೊಂಡು ಹಬ್ಬ ಹಿಂದಕ್ಕೆ ಎಳೆದಿದ್ದಾರೆ ಅಂತಲೇ ನಾವೂ ಅಂದುಕೊಂಡ್ವಿ.

ಲೆಕ್ಕ ಹಾಕಿ ನೋಡಿದರೆ ರೂಮ್‌ಮೇಟ್ ಹೇಳಿದ್ದೇ ಸರಿ. ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಸರಿಯೋಕೆ ಎಷ್ಟು ಹೊತ್ತು ಬೇಕೋ ಅದು ಒಂದು ತಿಥಿ. ಅದು 24 ಗಂಟೆಯೇ ಆಗಬೇಕಂತ ಇಲ್ಲ. ಚಂದ್ರ ಭೂಮಿಗೆ ಹತ್ತಿರ ಇದ್ದಾಗ ಜೋರಾಗಿ ಓಡ್ತಾನೆ, ತಿಥಿ ಬೇಗ ಮುಗಿಯುತ್ತೆ. ಆ ಸಲ ಚೈತ್ರದ ಪಾಡ್ಯ ನಮ್ಮ ಗಡಿಯಾರದಲ್ಲಿ ಶನಿವಾರ ಸಂಜೆ ಸುಮಾರು ನಾಲ್ಕೂವರೆಗೆ ಶುರುವಾಗಿ ಭಾನುವಾರ ಮಧ್ಯಾಹ್ನ 12.50ರ ಹೊತ್ತಿಗೆ ಮುಗೀತು. ಸೂರ್ಯ ಹುಟ್ಟುವಾಗ ಪಾಡ್ಯ ಇರೋ ದಿನ ಉಗಾದಿ. ನಮಗೆ ಅದು ಭಾನುವಾರ ಬೆಳಗ್ಗೆ.

ಈಗ ಇದರಿಂದ ಹನ್ನೆರಡೂವರೆ ಗಂಟೆ ಕಳೀರಿ. ಸ್ಯಾನ್ ಹೋಸೆಯಲ್ಲಿ ಪಾಡ್ಯ ಶುರುವಾಗಿದ್ದು ಶನಿವಾರ ಬೆಳಗಿನ ಜಾವ ಸುಮಾರು ನಾಲ್ಕಕ್ಕೆ, ಮುಗಿದಿದ್ದು ಅವತ್ತೇ ರಾತ್ರಿ ಹನ್ನೆರಡು ದಾಟಿದ ಮೇಲೆ. ಅಲ್ಲಿ ಪಾಡ್ಯ ನೋಡಿದ ಸೂರ್ಯೋದಯ ಶನಿವಾರದ್ದು ಒಂದೇ. ಅಕ್ಕ ಭಾನುವಾರ ಎದ್ದು ಎಣ್ಣೆ ಹಚ್ಚಿಕೊಳ್ಳೋ ಹೊತ್ತಿಗೆ ಬಿದಿಗೆ ಬಂದಾಗಿತ್ತು! ನಮ್ಮ ಅಡುಗೆಮನೆ ಗೋಡೆ ಮೇಲಿನ ಕ್ಯಾಲೆಂಡರ್ ತಪ್ಪಲ್ಲ. ಅದು ಇಲ್ಲಿನ ಸೂರ್ಯೋದಯಕ್ಕೆ ಹಾಕಿದ ಲೆಕ್ಕ, ಅಷ್ಟೇ.

ಅದಕ್ಕೇ ನಮ್ಮ ಅಭಿಪ್ರಾಯ: ಹೊರದೇಶಕ್ಕೆ ಹೋದವರು ಊರಿನ ಗಡಿಯಾರ ಬಿಟ್ಟು, ತಾವಿರೋ ಜಾಗದ ಆಕಾಶಕ್ಕೆ ಹಬ್ಬ ಮಾಡಬೇಕು. "ಭಕ್ತಿ ಇದ್ರೆ ಯಾವ ದಿನ ಆದ್ರೇನು" ಅನ್ನೋರು ಇದ್ದಾರೆ. ಕೆಲಸದ ದಿನ ಹಬ್ಬ ಬಂದರೆ ಮುಂದಕ್ಕೆ ಹಾಕದೆ ಬೇರೆ ದಾರಿ ಇಲ್ಲ ಅನ್ನೋದನ್ನೂ ಒಪ್ಪೋಣ. ಆದರೆ ಊರಿನ ಟೈಮಿಗೇ ಮಾಡ್ತೀವಿ ಅಂತ ಹೊರಟರೆ ಏನಾಗುತ್ತೆ ನೋಡಿ. ಭಾನುವಾರ ಬೆಳಗ್ಗೆ ಆರೂವರೆಗೆ ನಾವು ಮಾವಿನ ತೋರಣ ಕಟ್ಟುತ್ತಾ ವಿಡಿಯೋ ಕಾಲ್ ಮಾಡಿದ್ವಿ. ಅಕ್ಕನಿಗೆ ಅದು ಶನಿವಾರ ಸಂಜೆ ಆರು. ಅವಳ ಕಿಟಕಿ ಹೊರಗೆ ಅವಳದೇ ಉಗಾದಿ ಮುಗೀತಾ ಇತ್ತು, ಅವಳು ಮಂಚದ ಮೇಲೆ ಕೂತು ನಮ್ಮ ಉಗಾದಿ ನೋಡ್ತಾ ಇದ್ದಳು. ಹಬ್ಬದಲ್ಲಿ ಅವಳಿಗೆ ಮಾಡೋ ಕೆಲಸ ಒಂದೂ ಇರಲಿಲ್ಲ. ಕಾಲ್ ಕಟ್ ಆಗೋ ಮುಂಚೆ ಅತ್ತಳು ಕೂಡ. ಅಜ್ಜಿಗೆ ಮಾತ್ರ ಗೊಂದಲವೇ ಇರಲಿಲ್ಲ. "ಅಲ್ಲಿ ಚಂದ್ರ ಯಾವತ್ತು ಕಾಣ್ತದೋ ಅವತ್ತು ನೋಡ್ಕಂಡು ಕೈಮುಗಿ ಕಣವ್ವ" ಅಂತು.

ಅಂದು ಭಾನುವಾರ ಸಂಜೆ ನಮ್ಮೂರಲ್ಲಿ ಎಲ್ಲರೂ ಪಡುವಲಕ್ಕೆ ತಿರುಗಿ ನಿಂತು, ಕೂದಲೆಳೆಯಂಥ ಚಂದ್ರನ್ನ ನೋಡಿ, ದೊಡ್ಡವರ ಕಾಲಿಗೆ ಬಿದ್ವಿ. ಅಕ್ಕ ಅವಳ ಭಾನುವಾರ ಸಂಜೆ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ನಿಂತು ನೋಡಿದಳು. ಹದಿಮೂರು ಗಂಟೆ ಕಳೆದಿತ್ತಲ್ಲ, ಚಂದ್ರ ನಮಗೆ ಕಂಡಿದ್ದಕ್ಕಿಂತ ಸ್ವಲ್ಪ ದಪ್ಪ ಆಗಿದ್ದ. ನೋಡಿದ ತಕ್ಷಣ ಫೋನ್ ಮಾಡಿ ಅಜ್ಜಿಗೆ ಕೈಮುಗಿದಳು. ಅವಳು ಅತ್ತ ವಿಡಿಯೋ ಕಾಲ್‌ಗಿಂತ ಈ ಎರಡು ನಿಮಿಷದಲ್ಲೇ ಹಬ್ಬ ಜಾಸ್ತಿ ಇತ್ತು.

ಹಾಗಂತ ಪಂಚಾಂಗದ ಲೆಕ್ಕದಿಂದ ಎಲ್ಲಾ ಸಿಗೋದಿಲ್ಲ. ಅವಳು ಫೋನ್ ಮಾಡಿದಾಗ ಇಲ್ಲಿ ಸೋಮವಾರ ಬೆಳಗ್ಗೆ ಎಂಟೂಕಾಲು, ಹೊಸತೊಡಕು. ಮಂಡ್ಯದ ಕಡೆಯವರಿಗೆ ಇದನ್ನ ವಿವರಿಸಬೇಕಿಲ್ಲ. ಉಳಿದವರಿಗೆ: ಉಗಾದಿ ದಿನ ಒಬ್ಬಟ್ಟು, ಮಾರನೇ ದಿನ ಬಾಡು. ಹತ್ತು ಹನ್ನೆರಡು ಮನೆಯವರು ದುಡ್ಡು ಹಾಕಿ ಒಂದು ಮರಿ ತಂದು, ಕುಯ್ದು, ಎಲ್ಲಾ ಪಾಲಿಗೂ ಮೂಳೆ, ಮಾಂಸ, ಲಿವರ್ ಸಮ ಬರೋ ಹಾಗೆ ಗುಡ್ಡೆ ಹಾಕ್ತಾರೆ. ಯಾರ ಗುಡ್ಡೆ ದೊಡ್ಡದು ಅಂತ ಜಗಳ ಆಗಲೇಬೇಕು. ಸ್ಯಾನ್ ಹೋಸೆಯಲ್ಲಿ ಮಟನ್ ಸಿಗುತ್ತೆ, ಆದರೆ ಅಂಗಡಿಯಿಂದ ಒಂದು ಕೆಜಿ ತಂದರೆ ಅದು ಗುಡ್ಡೆ ಆಗಲ್ಲ. ಗುಡ್ಡೆಗೆ ಜಗಳ ಆಡೋ ಹನ್ನೆರಡು ಮನೆ ಬೇಕು.

ಅಕ್ಕ ಕಳಕೊಂಡಿದ್ದು ಇದನ್ನ ಅಂತ ನಮಗನ್ನಿಸುತ್ತೆ. ಫೋನ್ ಹಿಡಿದು ಟಾರ್ಪಾಲ್ ಹತ್ತಿರ ಹೋದ್ವಿ. ಅಪ್ಪ ಗುಡ್ಡೆ ಎಣಿಸ್ತಾ ಇದ್ರು. ಅಕ್ಕ ಸ್ಕ್ರೀನ್‌ನಿಂದಲೇ, "ಆ ಮೂಲೇದು ಚಿಕ್ಕದಾಯ್ತು ಕಣಪ್ಪ" ಅಂದಳು. ಪಕ್ಕದ ಮನೆ ಮಾವ ತಲೆ ಎತ್ತಿ, "ಅಲ್ಲಿ ಕೂತ್ಕಂಡೂ ಪಾಲು ಕೇಳ್ತಾಳಲ್ಲೋ ಇವಳು" ಅಂತ ಬೈಕೊಂಡು, ಆ ಗುಡ್ಡೆಗೆ ಇನ್ನೊಂದು ತುಂಡು ಹಾಕಿದ್ರು.