ಪಂಚಮಿ ಜಗಳ

"ಗಂಡಸರ ಜೋಡಿ ಯಾಕ ವಾದ ಮಾಡ್ತಿ, ಸುಮ್ನಿದ್ದು ಬಿಡವಾ" ಅಂತ ನನಗ ಹೇಳಿದ ಅತ್ತಿಗೋಳು, ಚಿಗವ್ವಗೋಳು ಎಷ್ಟ ಮಂದಿ ಅದಾರೋ! ಮೂವತ್ತು ವರ್ಷ ಈ ಮಾತು ಕೇಳಿದೆ. ಇವತ್ತು ಹೇಳ್ತೀನಿ, ಅದು ಕೆಟ್ಟ ಸಲಹೆ. ನಾವು ಸುಮ್ನಾದ್ರ ಅವರು ಗೆದ್ದೆ ಅಂತ ತಿಳಕೋತಾರ, ನಮ್ಮ ಮಾತು ಹೊಟ್ಟ್ಯಾಗ ಉಳಿತದ, ಮುಂದಿನ ವರ್ಷ ಅದ ಜಗಳ ಮತ್ತ ಬರ್ತದ.

ನಮ್ಮನಿಯವ್ರು ಕೆಟ್ಟವರಲ್ಲ, ಆದ್ರ ಸೋಲಂಗಿಲ್ಲ. ನಾಗರ ಪಂಚಮಿಗೆ "ನೀವು ನನ್ನ ತವರಮನಿಗೆ ಒಮ್ಮೆನೂ ಬರಂಗಿಲ್ಲ" ಅಂದೆ. ಮೊಬೈಲ್ ತಗದು 2019ರ ಫೋಟೋ ತೋರ್ಸಿದ್ರು. ಜೋಕಾಲಿ ಮುಂದ ನಿಂತಾರ, ಕೈಯಾಗ ಶೇಂಗಾ ಉಂಡಿ. ಆಯ್ತು, ಕೇಸು ಮುಗೀತು! ನಾ ಅತ್ಕೋತ ಒಳಗ ಹೋದೆ.

ಆಮ್ಯಾಲೆ ವಿಚಾರ ಮಾಡಿದೆ. ತಪ್ಪು ಅರ್ಧ ನಂದೂ ಐತಿ. "ಒಮ್ಮೆನೂ", "ಯಾವಾಗ್ಲೂ" ಅಂದ್ರ ಲೆಕ್ಕದ ಮಾತಾತು. ಲೆಕ್ಕ ತಪ್ಪು ಅಂತ ತೋರ್ಸಾಕ ಒಂದು ಫೋಟೋ ಸಾಕು. ನನಗ ಬೇಕಾಗಿದ್ದು ಲೆಕ್ಕ ಅಲ್ಲ. ಎಂಬತ್ತರ ಹತ್ರ ಬಂದ ನಮ್ಮವ್ವ "ಅಳಿಯಂದ್ರು ಎಲ್ಲಿ?" ಅಂತ ಬಾಗಲಾಗ ನಿಂತು ಕೇಳ್ತಾಳಲ್ಲ, ಆಗ ನನಗ ಉತ್ರ ಇರಂಗಿಲ್ಲ. ಅದನ್ನ ನಾ ಅವ್ರಿಗೆ ಹೇಳೇ ಇರಲಿಲ್ಲ.

ಕಾರ್ಲ್ ರೋಜರ್ಸ್ ಅಂತ ಅಮೆರಿಕಾದ ಮನಶ್ಶಾಸ್ತ್ರಜ್ಞರು 1951ರಾಗ ಒಂದು ನಿಯಮ ಹೇಳ್ಯಾರ, ಮಗಳು ಓದಿ ಹೇಳಿದ್ಲು. ಎದುರಿನವರು ಅಂದಿದ್ದನ್ನ, ಅವರು "ಹೌದು, ಇದ" ಅನ್ನೂಹಂಗ ತಿರುಗಿ ಹೇಳಬೇಕು. ಆಮ್ಯಾಲೇನ ನಿಮ್ಮ ಮಾತು. ಈ ವರ್ಷ ಅದನ್ನ ಹಚ್ಚಿದೆ. ಊಟ ಆದ ಮ್ಯಾಲೆ, ಟಿವಿ ಬಂದ್ ಮಾಡಿ, ಅವ್ವನ ಮಾತಷ್ಟ ಹೇಳಿ "ನಾ ಏನಂದೆ, ಹೇಳ್ರಿ ನೋಡೂಣು" ಅಂದೆ.

"ನಂದ ತಪ್ಪು ಅಂದಿ."

"ಅಲ್ರಿ, ಮತ್ತ ಹೇಳ್ತೀನಿ."

ಎರಡನೇ ಸಲ 2019 ಮತ್ತ ಬಂತು. ಅದಕ್ಕ ನಾ ಉತ್ರ ಕೊಡ್ಲಿಲ್ಲ, ಇಲ್ಲೇ ನೋಡ್ರಿ ಎಲ್ಲಾರೂ ಜಾರೂದು. ಮೂರನೇ ಸಲ "ನಿಮ್ಮವ್ವ ಕೇಳಿದಾಗ ನಿನಗ ಮುಜುಗರ ಆಕ್ಕೈತಿ" ಅಂದ್ರು. ಹೌದ್ರಿ, ಇದ.

ಈಗ ನನ್ನ ಪಾಳಿ. "ನಿಮ್ಮ ಅಣ್ಣತಮ್ಮಂದ್ರು ಹೊಲದ ಮಾತು ತಮ್ಮತಮ್ಮೊಳಗ ಆಡ್ತಾರ, ನಾ ಸಂಜಿತನಕ ಒಬ್ಬಾಂವ ಕುರ್ಚಿ ಮ್ಯಾಲೆ ಕುಂದ್ರತೀನಿ" ಅಂದ್ರು. ಬಾಯಿಗೆ "ನಮ್ಮಣ್ಣ ಎಷ್ಟ ಮರ್ಯಾದಿ ಮಾಡ್ತಾನ" ಅಂತ ಬಂತು. ನುಂಗಿದೆ. ತಿರುಗಿ ಹೇಳಿದೆ: "ಅಲ್ಲಿ ನಿಮಗ ಒಂಟಿ ಅನಸ್ತೈತಿ." ಮೂವತ್ತು ವರ್ಷದಾಗ ಇದು ನನಗ ಗೊತ್ತ ಇರಲಿಲ್ಲ!

ಕೈ ಎತ್ತೂ ಗಂಡ, ಹೆದರ್ಸೂ ಗಂಡ ಇದ್ರ ಈ ಉಪಾಯ ಮಾಡಾಕ ಹೋಗಬ್ಯಾಡ್ರಿ. ಅದು ವಾದ ಅಲ್ಲ, ಅಲ್ಲಿ ಬ್ಯಾರೆಯವರ ಸಹಾಯ ಬೇಕು.

ನಮ್ಮವ್ರು ಬದಲಾಗ್ಯಾರ ಅನ್ನಂಗಿಲ್ಲ. ನಿನ್ನೆ ಹಾಲಿನ ಲೆಕ್ಕದಾಗ ಗೆದ್ದಾರ, ಗೆಲ್ಲವಲ್ರ್ಯಾಕ. ಪಂಚಮಿಗೆ ಎರಡು ದಿನ ಅಲ್ಲ, ಅರ್ಧ ದಿನ ಬಂದ್ರು. ಅಣ್ಣಗ ಮೊದಲ ಹೇಳಿಟ್ಟಿದ್ದೆ, ಅವ್ರನ್ನ ಹೊಲಕ್ಕ ಕರ್ಕೊಂಡು ಹೋದ. ಅವ್ವ ಬಾಗಲಾಗ ನಿಂತು ಏನೂ ಕೇಳ್ಲಿಲ್ಲ, ಅಳ್ಳಿನ ಬುಟ್ಟಿ ತರಾಕ ಒಳಗ ಹೋದ್ಲು.