ನಿಕಾಹ್ ಇಲ್ಲದ ಸಹಜೀವನಕ್ಕೆ ಕಾನೂನು ಕೊಡುವುದೆಷ್ಟು?

ಹಲಸೂರಿಗೂ ಇಂದಿರಾನಗರಕ್ಕೂ ನಡುವಿರುವ ಮರ್ಫಿ ಟೌನ್‌ನಂತಹ ಬಡಾವಣೆಗಳಲ್ಲಿ ಮನೆಯನ್ನು ಭೋಗ್ಯಕ್ಕೆ ಹಿಡಿಯುವ ರೂಢಿಯಿದೆ. ತಿಂಗಳ ಬಾಡಿಗೆಯಿಲ್ಲ, ಹಲವು ಲಕ್ಷ ರೂಪಾಯಿಗಳನ್ನು ಒಮ್ಮೆಗೇ ಮಾಲೀಕರ ಕೈಗಿತ್ತು, ಅವಧಿ ಮುಗಿದಾಗ ಹಿಂಪಡೆಯುವುದು. ಅಂತಹ ಒಂದು ಮನೆಯನ್ನು ನಾವು ಊಹಿಸಿಕೊಳ್ಳೋಣ. ನಮ್ಮದೇ ಸಮುದಾಯದ ಅವಿವಾಹಿತ ತರುಣನೂ ತರುಣಿಯೂ 'ಗಂಡ ಹೆಂಡತಿ' ಎಂದು ಮಾಲೀಕರಿಗೆ ಹೇಳಿ ಅಲ್ಲಿ ನೆಲೆಸಿದ್ದಾರೆ. ನಿಕಾಹ್ ಆಗಿಲ್ಲ. ಭೋಗ್ಯದ ಐದು ಲಕ್ಷದಲ್ಲಿ ಮೂರು ಲಕ್ಷ ಆಕೆಯ ಒಡವೆ ಮಾರಿ ಬಂದದ್ದು, ಕರಾರುಪತ್ರ ಮಾತ್ರ ಆತನ ಹೆಸರಿನಲ್ಲಿದೆ. ಮೂರು ವರ್ಷಗಳಾಗಿವೆ, ಒಂದು ಮಗುವಿದೆ.

ಇಂಥವರಿಂದ ನಾವು ಮತ್ತೆ ಮತ್ತೆ ಕೇಳುವ ಮಾತು, "ಈಗ ಕಾನೂನೇ ಇದನ್ನು ಒಪ್ಪಿಕೊಂಡಿದೆಯಲ್ಲ" ಎಂಬುದು. ವಯಸ್ಕರಿಬ್ಬರು ಒಟ್ಟಿಗೆ ಬಾಳುವುದು ಅಪರಾಧವಲ್ಲ ಎಂದು ನ್ಯಾಯಾಲಯಗಳು ಹೇಳಿರುವುದು ನಿಜ. ಆದರೆ ಅಪರಾಧವಲ್ಲ ಎನ್ನುವುದು ಬೇರೆ, ಹಕ್ಕು ಹುಟ್ಟುತ್ತದೆ ಎನ್ನುವುದು ಬೇರೆ. ಈ ಎರಡರ ನಡುವಿನ ಕಂದರದಲ್ಲಿ ಬೀಳುವವರು ಹೆಚ್ಚಾಗಿ ಹೆಣ್ಣು ಮತ್ತು ಮಗು.

ಆತ ಬಿಟ್ಟುಹೋದನೆಂದುಕೊಳ್ಳೋಣ. ಆಗ ಆಕೆಗಿರುವ ಮುಖ್ಯ ಆಸರೆ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ. ಇದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ ಮತ್ತು 'ವಿವಾಹದ ಸ್ವರೂಪದ ಸಂಬಂಧ'ವನ್ನೂ ಒಳಗೊಳ್ಳುತ್ತದೆ. ಪರಿತ್ಯಕ್ತಳಾಗಿ ಜೀವನಾಧಾರ ಕಳೆದುಕೊಂಡ ಮಹಿಳೆ 12ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ ಜೀವನಾಂಶವನ್ನೂ, ಮನೆಯಿಂದ ಹೊರದೂಡದಂತೆ ಆದೇಶವನ್ನೂ ಕೇಳಬಹುದು. ಆದರೆ ಯಾವುದು ವಿವಾಹದ ಸ್ವರೂಪದ ಸಂಬಂಧ? 2010ರ ವೇಲುಸಾಮಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅಳತೆಗೋಲು ಕೊಟ್ಟಿತು. ಇಬ್ಬರೂ ಸಮಾಜದ ಮುಂದೆ ದಂಪತಿಗಳಂತೆ ಕಾಣಿಸಿಕೊಂಡಿರಬೇಕು, ಮದುವೆಯ ವಯಸ್ಸಿನವರಾಗಿರಬೇಕು, ಮದುವೆಯಾಗಲು ಕಾನೂನಿನ ಅಡ್ಡಿ ಇರಬಾರದು, ಗಣನೀಯ ಕಾಲ ಒಂದೇ ಮನೆಯಲ್ಲಿ ಬಾಳಿರಬೇಕು. ನಮ್ಮ ಉದಾಹರಣೆಯ ತರುಣಿ ಇದನ್ನು ದಾಟಿಯಾಳು. ಆದರೆ ರುಜುವಾತಿನ ಹೊರೆ ಆಕೆಯದು. ನೆರೆಯವರ ಸಾಕ್ಷ್ಯ, ಒಂದೇ ವಿಳಾಸದ ದಾಖಲೆ, ಬ್ಯಾಂಕಿನ ಲೆಕ್ಕ, ಎಲ್ಲವನ್ನೂ ಆಕೆಯೇ ಕಲೆಹಾಕಬೇಕು.

ದಾಟಲಾಗದವರ ಕಥೆ ನಮ್ಮ ಬೆಂಗಳೂರಿನದೇ. 2013ರ ನವೆಂಬರ್ 26ರಂದು ತೀರ್ಪಾದ ಇಂದ್ರಾ ಶರ್ಮಾ ಪ್ರಕರಣದಲ್ಲಿ, ಅರ್ಜಿದಾರಳು 1992ರಲ್ಲಿ ಕೆಲಸ ಬಿಟ್ಟು, ತನ್ನ ಕಂಪೆನಿಯಲ್ಲೇ ದುಡಿಯುತ್ತಿದ್ದ ವಿವಾಹಿತ ಪುರುಷನೊಂದಿಗೆ ಬಾಳತೊಡಗಿದ್ದಳು. ಆತನಿಗೆ ಹೆಂಡತಿಯೂ ಎರಡು ಮಕ್ಕಳೂ ಇದ್ದುದು ಆಕೆಗೆ ತಿಳಿದಿತ್ತು. ವರ್ಷಗಳ ನಂತರ ಆತ ಕೈಬಿಟ್ಟ. ಬೆಂಗಳೂರಿನ ಮ್ಯಾಜಿಸ್ಟ್ರೇಟರು ತಿಂಗಳಿಗೆ 18,000 ರೂಪಾಯಿ ಜೀವನಾಂಶ ಕೊಡಿಸಿದರು. ಸೆಷನ್ಸ್ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕರ್ನಾಟಕ ಉಚ್ಚ ನ್ಯಾಯಾಲಯ ರದ್ದುಪಡಿಸಿತು. ಸರ್ವೋಚ್ಚ ನ್ಯಾಯಾಲಯವೂ ಆಕೆಯ ಮೇಲ್ಮನವಿಯನ್ನು ವಜಾಗೊಳಿಸಿತು. ಆತ ವಿವಾಹಿತನೆಂದು ತಿಳಿದೇ ಕೂಡಿದ್ದರಿಂದ ಇದು ವಿವಾಹದ ಸ್ವರೂಪದ ಸಂಬಂಧವಲ್ಲ, ಇಲ್ಲಿ ಜೀವನಾಂಶ ಕೊಡಿಸಿದರೆ ಧರ್ಮಪತ್ನಿಗೂ ಮಕ್ಕಳಿಗೂ ಅನ್ಯಾಯವಾಗುತ್ತದೆ ಎಂಬುದು ಅದರ ತರ್ಕ. ಇಂತಹ ಮಹಿಳೆಯರಿಗಾಗಿ ಸಂಸತ್ತು ಕಾನೂನು ಮಾಡಲೆಂದೂ ನ್ಯಾಯಾಲಯ ಹೇಳಿತು. ಒಂದೂವರೆ ದಶಕ ಮೀರಿದ ಒಡನಾಟಕ್ಕೆ ಆಕೆಯ ಕೈಗೆ ದಕ್ಕಿದ್ದು ಆ ಮಾತು.

ಇನ್ನು ಆಸ್ತಿಯ ಮಾತು. ಈ ಕಾಯ್ದೆ ಬದುಕಿರುವವನಿಂದ ಅನ್ನ ಕೊಡಿಸೀತು, ಸತ್ತವನ ಆಸ್ತಿಯಲ್ಲಿ ಪಾಲು ಕೊಡಿಸದು. ನಮ್ಮ ಉದಾಹರಣೆಯ ತರುಣ ಅಪಘಾತದಲ್ಲಿ ಮಡಿದರೆ, ಭೋಗ್ಯದ ಹಣವನ್ನು ಮಾಲೀಕರು ಕರಾರಿನಲ್ಲಿರುವ ಹೆಸರಿನ ವಾರಸುದಾರರಿಗೆ, ಎಂದರೆ ಆತನ ತಾಯಿ ತಂದೆಗೆ, ಕೊಡಬೇಕಾಗುತ್ತದೆ. ಒಡವೆ ಮಾರಿದ ಮೂರು ಲಕ್ಷವನ್ನು ಆಕೆ ಸಾಲವೆಂದೋ ತನ್ನ ಹಣವೆಂದೋ ರುಜುವಾತುಪಡಿಸಿ ಸಿವಿಲ್ ದಾವೆಯಲ್ಲಿ ಕೇಳಬೇಕು. ನಗದಾಗಿ ಕೊಟ್ಟಿದ್ದರೆ ಅದೂ ಕಷ್ಟ. ಹೆಂಡತಿಯಾಗಿದ್ದರೆ, ಮಗುವಿರುವುದರಿಂದ, ಆತನ ಒಟ್ಟು ಆಸ್ತಿಯ ಎಂಟನೆಯ ಒಂದು ಪಾಲು ಶರೀಅತ್ತಿನ ಪ್ರಕಾರ ಆಕೆಯದು. ಬಾಕಿಯಿರುವ ಮಹ್ರ್ ಅದಕ್ಕೂ ಮೊದಲೇ, ಸಾಲವಾಗಿ, ತೀರಬೇಕು.

ದೀರ್ಘ ಸಹವಾಸದಿಂದ ನಿಕಾಹ್ ಆಗಿದೆಯೆಂದು ಊಹಿಸುವ ನಿಯಮ ನಮ್ಮ ವೈಯಕ್ತಿಕ ಕಾನೂನಿನಲ್ಲೂ ಇದೆ. 1952ರ ಮಹಮ್ಮದ್ ಅಮೀನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಅನ್ವಯಿಸಿತು. ಆದರೆ ಅದು ಊಹೆ ಮಾತ್ರ. 'ನಿಕಾಹ್ ಆಗಿರಲಿಲ್ಲ' ಎಂದು ಸಾಬೀತಾದ ಕ್ಷಣ ಬಿದ್ದುಹೋಗುತ್ತದೆ. 'ನಾವು ಮದುವೆಯ ಕಟ್ಟಿಲ್ಲದೆ ಬಾಳುತ್ತೇವೆ' ಎಂದು ಗೆಳೆಯರ ಮುಂದೆ ಹೆಮ್ಮೆಪಟ್ಟವರು ತಮ್ಮ ವಿರುದ್ಧದ ಸಾಕ್ಷಿಯನ್ನು ತಾವೇ ಸೃಷ್ಟಿಸಿರುತ್ತಾರೆ.

ನಮ್ಮನ್ನು ಹೆಚ್ಚು ಕಾಡುವುದು ಮಗುವಿನ ವಿಷಯ. ಅದರ ಅನ್ನದ ಹಕ್ಕಿನಲ್ಲಿ ಸಂದೇಹವಿಲ್ಲ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು, ಎರಡೂ ವಿವಾಹದಿಂದ ಹುಟ್ಟಿದ ಮಗು, ಹುಟ್ಟದ ಮಗು ಎಂಬ ಭೇದವಿಲ್ಲದೆ ತಂದೆಯಿಂದ ಜೀವನಾಂಶ ಕೊಡಿಸುತ್ತವೆ. ಆತ ನಿರಾಕರಿಸಿದರೆ ನ್ಯಾಯಾಲಯ ಡಿಎನ್‌ಎ ಪರೀಕ್ಷೆಗೆ ಆದೇಶಿಸಬಹುದು.

ಉತ್ತರಾಧಿಕಾರದಲ್ಲಿ ಬಾಗಿಲು ಮುಚ್ಚುತ್ತದೆ. 2023ರ ಸೆಪ್ಟೆಂಬರ್ 1ರಂದು, ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ, ಅಸಿಂಧು ವಿವಾಹದ ಮಕ್ಕಳಿಗೂ ತಂದೆತಾಯಿಯ ಪಾಲಿನಲ್ಲಿ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಪತ್ರಿಕೆಗಳಲ್ಲಿ ಇದನ್ನು ಓದಿದ ಹಲವರು ತಮ್ಮ ಮಗುವೂ ಪಾರಾಯಿತೆಂದು ತಿಳಿದಿದ್ದಾರೆ. ಆದರೆ ಅದು ಹಿಂದೂ ಕಾನೂನಿನ ವ್ಯಾಖ್ಯಾನ; ಅಲ್ಲಿಯೂ ಸಿಂಧುವಲ್ಲದ ಮದುವೆಯೊಂದಾದರೂ ನಡೆದಿರಬೇಕು. ಹನಫೀ ಫಿಕ್ಹ್‌ನಲ್ಲಿ ನಿಕಾಹ್ ಇಲ್ಲದೆ ಹುಟ್ಟಿದ ಮಗು ತಾಯಿಗೂ ತಾಯಿಯ ಬಂಧುಗಳಿಗೂ ವಾರಸುದಾರ, ತಂದೆಗಲ್ಲ. ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿದ್ದ ಮಾತ್ರಕ್ಕೆ ಇದು ಬದಲಾಗದು. ಪಿತೃತ್ವವನ್ನು ಒಪ್ಪಿಕೊಳ್ಳುವ ಇಕ್ರಾರ್ ಸಹ, ನಿಕಾಹ್ ಆಗಿದ್ದಿರಬಹುದೆಂಬ ಸಾಧ್ಯತೆ ಇರುವಲ್ಲಿ ಮಾತ್ರ ನಡೆಯುತ್ತದೆ. ವ್ಯಭಿಚಾರದಿಂದ ಹುಟ್ಟಿದ್ದೆಂದು ಸಿದ್ಧವಾದ ಮಗುವನ್ನು ಅದು ವಾರಸುದಾರನನ್ನಾಗಿಸದು. ಅನ್ನ ಕೊಡಿಸಿದ ಡಿಎನ್‌ಎ ವರದಿ ಪಾಲು ಕೊಡಿಸಲಾರದು.

ಈ ನಿಯಮವನ್ನು ಹಿಡಿದು ಮಗುವನ್ನು ಹೀಯಾಳಿಸುವವರನ್ನೂ ನಾವು ಕಂಡಿದ್ದೇವೆ. ಪಾಪ ಹೆತ್ತವರದು, ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲವೆಂಬುದು ನಮ್ಮ ದೀನ್‌ನ ಮೂಲಪಾಠ. ಹಾಗಾಗಿ ಸರಿಪಡಿಸಿಕೊಳ್ಳಬಯಸಿ ಬರುವ ಜೋಡಿಯನ್ನು ಮಸೀದಿಯ ಬಾಗಿಲಿನಿಂದ ಗದರಿಸಿ ಅಟ್ಟುವ ಹಿರಿಯರು ಕೊಂಚ ಯೋಚಿಸಬೇಕು. ಗರ್ಭಿಣಿಯಾಗಿರುವಾಗಲೇ ಅದೇ ಪುರುಷನೊಂದಿಗೆ ನಿಕಾಹ್ ಆದರೆ ಹನಫೀ ಮತದಲ್ಲಿ ಅದು ಸಿಂಧು. ನಿಕಾಹ್ ಆಗಿ ಆರು ತಿಂಗಳು ತುಂಬಿದ ಮೇಲೆ ಹುಟ್ಟಿದ ಮಗು ಆತನದೇ ಎನಿಸುತ್ತದೆ. ಒಂದು ತಿಂಗಳ ತಡದಿಂದ ಒಂದು ಜೀವದ ವಂಶವೇ ಕೈತಪ್ಪಬಹುದು.

ಮಗು ಹುಟ್ಟಿಯಾಗಿದ್ದರೂ ಇಬ್ಬರೂ ನಿಕಾಹ್ ಆಗಲಿ. ಮಹ್ರ್ ಬರೆಯಿಸಲಿ, ನಿಕಾಹ್‌ನಾಮೆಯ ಒಂದು ಪ್ರತಿ ಹೆಣ್ಣಿನ ಕೈಯಲ್ಲೇ ಇರಲಿ, ಉಪನೋಂದಣಾಧಿಕಾರಿಯ ಕಚೇರಿಯಲ್ಲೂ ನೋಂದಣಿಯಾಗಲಿ. ಬೀರುವಿನಲ್ಲಿ ಅಡಗಿಸಿಟ್ಟ, ಸಾಕ್ಷಿಗಳನ್ನು ಪತ್ತೆ ಹಚ್ಚಲಾಗದ ನಿಕಾಹ್ ನ್ಯಾಯಾಲಯದ ಮುಂದೆ ಹೆಣ್ಣನ್ನು ಮತ್ತೆ ಸಹಜೀವನದ ಸ್ಥಿತಿಗೇ ತಳ್ಳುತ್ತದೆ.

ಮೊದಲೇ ಹುಟ್ಟಿದ ಮಗುವಿಗೆ ತಂದೆಯ ಮುಂದೆ ಇನ್ನೆರಡು ದಾರಿಗಳಿವೆ. ಬದುಕಿರುವಾಗಲೇ ಹಿಬಾ ಮಾಡಿ ಏನನ್ನಾದರೂ ಕೊಡಬಹುದು, ಎಷ್ಟನ್ನಾದರೂ ಕೊಡಬಹುದು. ಆದರೆ ಸ್ವಾಧೀನವನ್ನು ನಿಜವಾಗಿ ಬಿಟ್ಟುಕೊಡಬೇಕು. ಇಲ್ಲವೇ ವಸಿಯ್ಯತ್ ಬರೆಯಬಹುದು. ವಾರಸುದಾರನಲ್ಲದವನಿಗೆ, ಅಂತ್ಯಕ್ರಿಯೆಯ ಖರ್ಚು ಮತ್ತು ಸಾಲ ತೀರಿದ ಬಳಿಕ, ಮೂರನೇ ಒಂದು ಭಾಗದವರೆಗೆ ಕೊಡಲು ಯಾರ ಒಪ್ಪಿಗೆಯೂ ಬೇಡ. ಮರ್ಫಿ ಟೌನ್‌ನ ಆ ಮನೆಯಲ್ಲಾದರೆ ಮೊದಲ ಹೆಜ್ಜೆ ಇನ್ನೂ ಚಿಕ್ಕದು: ಭೋಗ್ಯದ ಕರಾರನ್ನು ನವೀಕರಿಸುವಾಗ ಆಕೆಯ ಹೆಸರನ್ನೂ ಸೇರಿಸಿ, ಆಕೆಯ ಮೂರು ಲಕ್ಷವನ್ನು ಅದರಲ್ಲಿ ಕಾಣಿಸುವುದು.