ತುಟ್ಟಿಭತ್ಯೆ ಯಾರ ಜೇಬಿಗೆ?

ಮುಂಬಯಿ ಮತ್ತು ಉಪನಗರಗಳ ಕನ್ನಡಿಗ ಕಾರ್ಮಿಕ ಬಂಧುಗಳೇ,

ಹೋಟೆಲಿನಲ್ಲಿರಲಿ, ಹೌಸ್‌ಕೀಪಿಂಗ್ ಗುತ್ತಿಗೆಯಲ್ಲಿರಲಿ, ಕಟ್ಟಡದ ಕೆಲಸದಲ್ಲಿರಲಿ, ಠೇಕೇದಾರ ಹೇಳುವ ಮಾತು ಒಂದೇ: "ದಿನಕ್ಕೆ ಇಷ್ಟು, ಎಲ್ಲ ಸೇರಿ." ಈ 'ಎಲ್ಲ ಸೇರಿ' ಎಂಬುದರಲ್ಲೇ ನಿಮ್ಮ ತುಟ್ಟಿಭತ್ಯೆ ಮುಳುಗಿಹೋಗುತ್ತಿದೆ.

ಕನಿಷ್ಠ ವೇತನದಲ್ಲಿ ಎರಡು ಭಾಗಗಳಿವೆ. ಒಂದು ಮೂಲ ವೇತನ. ಇನ್ನೊಂದು ತುಟ್ಟಿಭತ್ಯೆ, ಮಹಾರಾಷ್ಟ್ರದಲ್ಲಿ ಇದಕ್ಕೆ ವಿಶೇಷ ಭತ್ಯೆ ಎನ್ನುತ್ತಾರೆ. ಆರು ತಿಂಗಳ ಬೆಲೆ ಸೂಚ್ಯಂಕದ ಸರಾಸರಿ ತೆಗೆದು, ಅದು ಎಷ್ಟು ಏರಿದೆ ಎಂದು ನೋಡಿ, ಮುಂದಿನ ಆರು ತಿಂಗಳ ಭತ್ಯೆಯನ್ನು ಕಾರ್ಮಿಕ ಇಲಾಖೆ ಪ್ರಕಟಿಸುತ್ತದೆ. ಜನವರಿ 1ಕ್ಕೊಮ್ಮೆ, ಜುಲೈ 1ಕ್ಕೊಮ್ಮೆ ಹೊಸ ದರ. ರೈಲ್ವೆ, ಬಂದರಿನಂಥ ಕೇಂದ್ರದ ಕೆಲಸದಲ್ಲಿರುವ ಗುತ್ತಿಗೆಯವರಿಗೆ ಏಪ್ರಿಲ್ ಮತ್ತು ಅಕ್ಟೋಬರ್.

ಸುಲಭಕ್ಕೆ ದುಂಡು ಅಂಕಿಯಲ್ಲಿ ಲೆಕ್ಕ ಹಾಕೋಣ. ಮೂಲ ವೇತನ 10,400 ರೂಪಾಯಿ, ಭತ್ಯೆ 5,200 ಎನ್ನಿ. ಒಟ್ಟು 15,600. ದಿನಗೂಲಿಗೆ ಇದನ್ನು 30ರಿಂದಲ್ಲ, 26ರಿಂದ ಭಾಗಿಸಬೇಕು, ಏಕೆಂದರೆ ವಾರದ ರಜೆಯ ಕೂಲಿಯೂ ಇದರೊಳಗಿದೆ. ದಿನಕ್ಕೆ 600 ಬಂತು. ಪ್ರತಿ ಆರು ತಿಂಗಳಿಗೆ ಭತ್ಯೆ 260 ರೂಪಾಯಿ ಏರಿದರೆ ದಿನಕ್ಕೆ ಹತ್ತೇ ರೂಪಾಯಿ ಹೆಚ್ಚು. ಹತ್ತು ರೂಪಾಯಿಗೆ ಯಾರು ಜಗಳ ಆಡುತ್ತಾರೆ ಎಂದು ಸುಮ್ಮನಿರುತ್ತೀರಿ. ಆದರೆ ಮೊದಲ ಏರಿಕೆಯ ದಿನದಿಂದ ಅದೇ 600ರಲ್ಲಿ ಮೂರು ವರ್ಷ ದುಡಿದರೆ ಒಂದರ ಮೇಲೊಂದು ಆರು ಏರಿಕೆಗಳು ತಪ್ಪುತ್ತವೆ. ಬಾಕಿ ಒಟ್ಟು 32,760 ರೂಪಾಯಿ!

ಈ ಭತ್ಯೆ ಬಡ್ತಿಯೂ ಅಲ್ಲ, ಮಾಲೀಕರ ಉಡುಗೊರೆಯೂ ಅಲ್ಲ. ಅಕ್ಕಿ, ಎಣ್ಣೆಯ ಬೆಲೆ ಆಗಲೇ ಏರಿ ನೀವು ಕೈಯಿಂದ ಕೊಟ್ಟ ಹಣ ತಡವಾಗಿ ಮರಳುವುದು, ಅಷ್ಟೆ. ಬದುಕು ಒಂದು ಮೆಟ್ಟಿಲು ಮೇಲೇರಬೇಕಾದರೆ ಮೂಲ ವೇತನವೇ ಏರಬೇಕು. ಐದು ವರ್ಷ ಮೀರದಂತೆ ಅದನ್ನು ಪರಿಶೀಲಿಸಬೇಕೆಂದು ಕಾನೂನಿದೆ. ಭತ್ಯೆ ಏರುತ್ತಿದೆಯಲ್ಲ ಎಂಬ ನೆಪದಲ್ಲಿ ಆ ಅವಧಿಯನ್ನು ದಾಟಿಸುವುದು ಅನ್ಯಾಯ. ಅವಧಿ ಮುಗಿಯುವ ಮುನ್ನವೇ ಪರಿಷ್ಕರಣೆ ಆಗಬೇಕೆಂಬುದು ಸರ್ಕಾರದ ಮುಂದೆ ನಮ್ಮ ಒತ್ತಾಯ.

1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಬಾಕಿ ಕೇಳಲು ಆರು ತಿಂಗಳ ಗಡುವಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ ಮೂರು ವರ್ಷದ ಅವಕಾಶ ಕೊಟ್ಟಿದೆ. ಕೂಲಿ ಕೊಟ್ಟಿದ್ದೇನೆ ಎಂದು ರುಜುವಾತು ಮಾಡಬೇಕಾದವರು ಮಾಲೀಕರು. ಠೇಕೇದಾರ ಕೊಡದೆ ಹೋದರೆ, ಕೆಲಸ ಮಾಡಿಸಿಕೊಂಡ ಕಂಪನಿಯೇ ಹೊಣೆ. ಕಡಿಮೆ ಕೂಲಿಗೆ ಒಪ್ಪಿ ನೀವು ಸಹಿ ಹಾಕಿದ್ದರೂ ಹಕ್ಕು ಹೋಗುವುದಿಲ್ಲ.

ಈ ತಿಂಗಳ ವೇತನ ಚೀಟಿ ಕೇಳಿ ಪಡೆಯಿರಿ. ಮೂಲ ವೇತನ, ಭತ್ಯೆ ಬೇರೆ ಬೇರೆ ಸಾಲಿನಲ್ಲಿ ಇವೆಯೇ, ಜನವರಿ ಮತ್ತು ಜುಲೈಯಲ್ಲಿ ಭತ್ಯೆಯ ಅಂಕಿ ಬದಲಾಗಿದೆಯೇ ನೋಡಿ. ಇಲ್ಲವಾದರೆ ಹಾಜರಿ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಹಿಡಿದು, ಒಬ್ಬರೇ ಹೋಗದೆ ಜೊತೆಯವರನ್ನೂ ಕೂಡಿಕೊಂಡು, ಬಾಂದ್ರಾ-ಕುರ್ಲಾ ಸಂಕೀರ್ಣದ ಕಾಮ್‌ಗಾರ್ ಭವನದಲ್ಲಿ ಲಿಖಿತ ದೂರು ಕೊಡಿ.